ಇಳಿಜಾರು ಜಾಗದಲ್ಲಿ ಮನೆ: ಪ್ಲಿಂತ್ ಒಳಗೆ ಮಣ್ಣು ತುಂಬಿ ದಮ್ಮಸು ಹೊಡೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಸಪಾಟಾದ ಸೈಟು ಸಿಗುವುದು ಕಷ್ಟ. ಗುಡ್ಡದ ಓರೆಯಲ್ಲೇ ಪಾಯ ಹಾಕಬೇಕು. ಹಾಗಾಗಿ ಒಂದೇ ಮನೆಯ ಪ್ಲಿಂತ್ ಒಳಗೆ ಮುಂದಿನ ಬಾಗಿಲ ಹತ್ತಿರ ಒಂದೂವರೆ ಅಡಿ ಮಣ್ಣು ಬೀಳುತ್ತದೆ, ಹಿಂದೆ ಅಡುಗೆಮನೆ, ಬಚ್ಚಲ ಕಡೆ ನಾಲ್ಕೂವರೆ ಅಡಿ ಬೀಳುತ್ತದೆ. ನೆಲ ಕುಸಿಯಿತು, ಟೈಲ್ಸ್ ಬಿರುಕು ಬಿಟ್ಟಿತು ಎಂಬ ದೂರು ಹೆಚ್ಚಾಗಿ ಬರುವುದು ಈ ಹಿಂದಿನ ಭಾಗದಿಂದಲೇ. ಇಲ್ಲಿರುವ ಪ್ರಶ್ನೆಗಳೆಲ್ಲ ಅಂಥ ಮನೆಗೆ ಸಂಬಂಧಪಟ್ಟವು. ನೆಲದ ಸ್ಲ್ಯಾಬು ನೇರವಾಗಿ ಈ ಮಣ್ಣಿನ ಮೇಲೆಯೇ ಕೂರುತ್ತದೆ ಎಂದು ಇಟ್ಟುಕೊಂಡೇ ಉತ್ತರ ಬರೆದಿದೆ.

ಮಣ್ಣು ತುಂಬಿ ಒಂದು ಮಳೆಗಾಲ ಹಾಗೇ ಬಿಟ್ಟರೆ ತಾನಾಗಿಯೇ ಕೂರುತ್ತದಲ್ವಾ?

ಸ್ವಲ್ಪ ಕೂರುತ್ತದೆ. ಸಾಕಾಗುವಷ್ಟು ಕೂರುವುದಿಲ್ಲ.

ಮಲೆನಾಡಿನಲ್ಲಿ ಈ ನಂಬಿಕೆ ಗಟ್ಟಿಯಾಗಿದೆ. ಅದಕ್ಕೆ ಕಾರಣವೂ ಇದೆ. ಟಿಪ್ಪರ್‌ನಿಂದ ಸುರಿದ ಮಣ್ಣಿನಲ್ಲಿ ಹೆಂಟೆಗಳು ಒಂದರ ಮೇಲೊಂದು ಒರಗಿಕೊಂಡಿರುತ್ತವೆ, ನಡುವೆ ಪೊಳ್ಳು ಇರುತ್ತದೆ. ಮಳೆ ನೀರು ಇಳಿದಾಗ ಹೆಂಟೆ ಮೆತ್ತಗಾಗಿ ಪೊಳ್ಳಿಗೆ ಜಾರುತ್ತದೆ. ಮೇಲಿನಿಂದ ನೋಡಿದರೆ ಮೂರು ನಾಲ್ಕು ಇಂಚು ಇಳಿದಿದೆ, ಹಾಗಾದರೆ ಕೂತಿದೆ ಎಂದು ಅನಿಸುತ್ತದೆ. ಆದರೆ ನೀರು ದೊಡ್ಡ ಪೊಳ್ಳನ್ನು ಮಾತ್ರ ಮುಚ್ಚುತ್ತದೆ. ಮಣ್ಣಿನ ಕಣ ಕಣದ ನಡುವೆ ಇರುವ ಗಾಳಿಯನ್ನು ಹೊರಗೆ ತಳ್ಳಲು ಪೆಟ್ಟು ಬೇಕು. ಮಳೆಯಲ್ಲಿ ಆ ಪೆಟ್ಟು ಇಲ್ಲ.

ಇನ್ನೊಂದು ತೊಂದರೆಯೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದಿಟ್ಟ ಪ್ಲಿಂತ್ ನಾಲ್ಕು ಕಡೆ ಗೋಡೆ ಇರುವ ತೊಟ್ಟಿ ಇದ್ದ ಹಾಗೆ. ನೀರು ಹೊರಗೆ ಹೋಗಲು ದಾರಿ ಇಲ್ಲ. ತಳದ ಮಣ್ಣು ತಿಂಗಳುಗಟ್ಟಲೆ ಕೆಸರಾಗಿ ಕೂತಿರುತ್ತದೆ. ದೀಪಾವಳಿ ಹೊತ್ತಿಗೆ ಮೇಲಿನ ಒಂದಡಿ ಒಣಗಿ ಗಟ್ಟಿಯಾಗಿ ಕಾಣುತ್ತದೆ, ಅದರ ಮೇಲೆ ಸ್ಲ್ಯಾಬ್ ಹಾಕುತ್ತಾರೆ. ಒಳಗಿನ ಮೂರಡಿ ಹೇಗಿದೆ ಎಂದು ಯಾರೂ ನೋಡುವುದಿಲ್ಲ.

ಮಳೆಗಾಲ ಬಿಡುವುದೇ ತಪ್ಪು ಎಂದಲ್ಲ. ಪದರ ಪದರವಾಗಿ ದಮ್ಮಸು ಹೊಡೆದು ಆಮೇಲೆ ಒಂದು ಮಳೆ ಬಿಟ್ಟರೆ ಲಾಭವೇ. ದಮ್ಮಸಿನ ಬದಲಿಗೆ ಮಳೆಯನ್ನು ನಂಬಿದರೆ ಮಾತ್ರ ನಷ್ಟ.

ಕುಸಿದರೆ ಎಷ್ಟು ಕುಸಿಯಬಹುದು? ಒಂದಿಂಚು ಹೆಚ್ಚು ಕಮ್ಮಿ ಆದರೆ ಏನಾಗುತ್ತದೆ?

ಲೆಕ್ಕಕ್ಕಾಗಿ, ಸರಿಯಾಗಿ ಒತ್ತದ ಮಣ್ಣು ಕಾಲಕ್ರಮೇಣ ನೂರಕ್ಕೆ ಐದು ಪಾಲು ಇಳಿಯುತ್ತದೆ ಎಂದಿಟ್ಟುಕೊಳ್ಳೋಣ. ಮುಂದೆ 18 ಇಂಚು ಮಣ್ಣಿದ್ದ ಕಡೆ ಅದು ಒಂದು ಇಂಚಿಗಿಂತ ಸ್ವಲ್ಪ ಕಡಿಮೆ. ಹಿಂದೆ 54 ಇಂಚು ಇದ್ದ ಕಡೆ ಪೌಣೆ ಮೂರು ಇಂಚು. ಇಡೀ ನೆಲ ಒಂದೇ ಸಮ ಇಳಿದಿದ್ದರೆ ಹೇಗೋ ಸುಧಾರಿಸಬಹುದಿತ್ತು. ಇಲ್ಲಿ ಹಿಂದಿನ ಭಾಗ ಮುಂದಿನದಕ್ಕಿಂತ ಮೂರು ಪಟ್ಟು ಇಳಿಯುತ್ತದೆ.

ಮಣ್ಣು ಇಳಿದ ತಕ್ಷಣ ಸ್ಲ್ಯಾಬ್ ಇಳಿಯುವುದಿಲ್ಲ. ಅದು ಪ್ಲಿಂತ್ ಬೀಮಿನ ಅಂಚನ್ನು ಹಿಡಿದುಕೊಂಡು ಸ್ವಲ್ಪ ಕಾಲ ನಿಂತಿರುತ್ತದೆ, ಕೆಳಗೆ ಪೊಳ್ಳು ಆಗಿರುತ್ತದೆ. ನಾಲ್ಕಿಂಚಿನ ಕಾಂಕ್ರೀಟಿಗೆ ಹಾಗೆ ತೂಗಾಡಿಕೊಂಡು ಭಾರ ಹೊರುವ ಶಕ್ತಿ ಇಲ್ಲ. ಒಂದು ದಿನ ಅಕ್ಕಿ ಮೂಟೆ ಪೇರಿಸಿದ ಕಡೆಯೋ ಗ್ರೈಂಡರ್ ಇಟ್ಟ ಕಡೆಯೋ ಬಿರುಕು ಬಿಡುತ್ತದೆ. ಅದಕ್ಕೇ ಗೃಹಪ್ರವೇಶ ಆಗಿ ಎರಡು ಮೂರು ವರ್ಷದ ಮೇಲೆ ದೂರು ಬರುವುದು. ಅಷ್ಟು ಹೊತ್ತಿಗೆ ಮೇಸ್ತ್ರಿ ಬೇರೆ ಊರಿನ ಕೆಲಸದಲ್ಲಿರುತ್ತಾರೆ.

ಒಂದು ಸಲಕ್ಕೆ ಆರು ಇಂಚು ಮಣ್ಣು ಮಾತ್ರ ಹರಡಿ ದಮ್ಮಸು ಹೊಡೆಯಬೇಕು ಎನ್ನುತ್ತಾರೆ, ಆರೇ ಯಾಕೆ? ಒಂದಡಿ ಹಾಕಿ ಜೋರಾಗಿ ಹೊಡೆದರೆ ಆಗಲ್ವಾ?

ಆಗುವುದಿಲ್ಲ. ದಮ್ಮಸಿನ ಪೆಟ್ಟು ಕೆಳಕ್ಕೆ ಹೋಗುತ್ತಾ ಹೋಗುತ್ತಾ ಅಗಲಕ್ಕೆ ಹರಡಿ ಕಮ್ಮಿಯಾಗುತ್ತದೆ. ಮೇಲಿನ ನಾಲ್ಕೈದು ಇಂಚು ಗಟ್ಟಿಯಾದ ಮೇಲೆ ಅದೇ ಒಂದು ಹಲಗೆಯಾಗಿ ಉಳಿದ ಪೆಟ್ಟನ್ನೆಲ್ಲ ತಾನೇ ತಡೆಯುತ್ತದೆ. ಆಮೇಲೆ ಎಷ್ಟು ಹೊಡೆದರೂ ಕೆಳಗಿನ ಅರ್ಧಡಿಗೆ ಏನೂ ಮುಟ್ಟುವುದಿಲ್ಲ. ಮೇಲೆ ನಿಂತು ಕಾಲಲ್ಲಿ ಒದ್ದು ನೋಡಿದರೆ ಕಲ್ಲಿನಂತೆ ಇರುತ್ತದೆ. ಆ ಗಟ್ಟಿತನವೇ ಮೋಸ ಮಾಡುವುದು.

ಕೇಂದ್ರ ಲೋಕೋಪಯೋಗಿ ಇಲಾಖೆಯ ನಿಯಮದಲ್ಲಿ ಒಂದು ಪದರ 20 ಸೆಂಟಿಮೀಟರ್, ಅಂದರೆ ಎಂಟು ಇಂಚು ಮೀರಬಾರದು ಎಂದಿದೆ. ಕೈ ದಮ್ಮಸು ಆದರೆ ನಾನು ಆರಕ್ಕೇ ನಿಲ್ಲಿಸಲು ಹೇಳುತ್ತೇನೆ. ಯಂತ್ರ ಇದ್ದು, ಮಣ್ಣೂ ಒಳ್ಳೆಯದಿದ್ದರೆ ಎಂಟು ಒಪ್ಪಬಹುದು. ಈ ಅಳತೆ ಸಡಿಲ ಮಣ್ಣಿನದು. ಆರಿಂಚು ಹರಡಿದ್ದು ಒತ್ತಿದ ಮೇಲೆ ಐದಿಂಚಿಗಿಂತ ಸ್ವಲ್ಪ ಕಡಿಮೆಯಾಗಬೇಕು. ಆರಿಂಚು ಹಾಕಿ, ಹೊಡೆದ ಮೇಲೂ ಐದೂಮುಕ್ಕಾಲು ಇಂಚು ಇದ್ದರೆ ಕೆಲಸ ಆಗಿಲ್ಲ ಎಂದೇ ಅರ್ಥ.

ಇದನ್ನು ನೋಡಿಕೊಳ್ಳಲು ಸುಲಭ ದಾರಿ ಇದೆ. ಮಣ್ಣು ತುಂಬುವ ಮೊದಲು ಪ್ಲಿಂತ್ ಗೋಡೆಯ ಒಳಮೈಗೆ ತಳದಿಂದ ಮೇಲಿನವರೆಗೆ ಐದೈದು ಇಂಚಿಗೆ ಬಣ್ಣದ ಗೆರೆ ಎಳೆಸಿ. ಪ್ರತಿ ಕೋಣೆಯ ಎರಡು ಮೂಲೆಯಲ್ಲಿ ಸಾಕು. ಒಂದೊಂದು ಗೆರೆ ಮುಚ್ಚುವಾಗಲೂ ಮೊಬೈಲಿನಲ್ಲಿ ಒಂದು ಫೋಟೋ ಕಳಿಸಿ ಎಂದು ಮೇಸ್ತ್ರಿಗೆ ಮೊದಲೇ ಹೇಳಿಬಿಡಿ. ಬೆಂಗಳೂರಿನಲ್ಲಿ ಕೂತು ಊರಲ್ಲಿ ಮನೆ ಕಟ್ಟಿಸುವವರಿಗೆ ಇದಕ್ಕಿಂತ ಒಳ್ಳೆ ಉಪಾಯ ನನಗೆ ಗೊತ್ತಿಲ್ಲ.

ಪಾಯ ತೆಗೆದ ಮಣ್ಣನ್ನೇ ವಾಪಸ್ ಹಾಕಬಹುದಾ? ಯಾವ ಮಣ್ಣು ಒಳ್ಳೆಯದು?

ಯಾವ ಮಣ್ಣು ಬಂದಿದೆ ಎನ್ನುವುದರ ಮೇಲೆ ಹೋಗುತ್ತದೆ. ನಮ್ಮ ಕಡೆ ಪಾಯ ತೋಡಿದರೆ ಮೇಲೆ ಕಪ್ಪಗಿನ ಗೊಬ್ಬರದ ಮಣ್ಣು, ಅದರ ಕೆಳಗೆ ಕೆಂಪು ಮಣ್ಣು, ಆಮೇಲೆ ಜಂಬಿಟ್ಟಿಗೆ ಬರುತ್ತದೆ. ಕೆಲವು ಕಡೆ ಇನ್ನೂ ಕೆಳಗೆ ಹೋದರೆ ಶೇಡಿ ಮಣ್ಣು ಸಿಗುತ್ತದೆ. ಇದರಲ್ಲಿ ತುಂಬಲು ಎಲ್ಲಕ್ಕಿಂತ ಒಳ್ಳೆಯದು ಸಣ್ಣ ಕಲ್ಲು ಬೆರೆತ ಕೆಂಪು ಗೊಚ್ಚು ಮಣ್ಣು, ಅಂದರೆ ಮೊರಮ್. ಅದರಲ್ಲಿ ದಪ್ಪ ಕಣವೂ ಇದೆ, ಅದರ ಸಂದಿ ಮುಚ್ಚುವ ಸಣ್ಣ ಕಣವೂ ಇದೆ. ಹಾಗಾಗಿ ಹೊಡೆದಷ್ಟೂ ಬಿಗಿಯಾಗುತ್ತದೆ.

ಮೇಲಿನ ಅರ್ಧಡಿ ಮಣ್ಣನ್ನು ಒಳಗೆ ಹಾಕಲೇಬೇಡಿ. ಅದರಲ್ಲಿ ಬೇರು, ಎಲೆ, ಅಡಿಕೆ ಸಿಪ್ಪೆ ಎಲ್ಲ ಇರುತ್ತದೆ. ಅವು ಕೊಳೆತು ಕರಗಿದಾಗ ಜಾಗ ಖಾಲಿಯಾಗುತ್ತದೆ, ಗೆದ್ದಲಿಗೂ ಊಟವಾಗುತ್ತದೆ. ತೋಟಕ್ಕೆ ಹಾಕಿದರೆ ಚಿನ್ನ. ಸೆಂಟ್ರಿಂಗ್ ಮರದ ಚೂರು, ಸಿಮೆಂಟ್ ಚೀಲ ಒಳಗೆ ತಳ್ಳುವ ಅಭ್ಯಾಸವನ್ನೂ ಬಿಡಿಸಬೇಕು.

ಶೇಡಿ ಮಣ್ಣಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಬಿಳಿ, ಹಳದಿ, ತಿಳಿ ಗುಲಾಬಿ ಬಣ್ಣದಲ್ಲಿ ನುಣ್ಣಗೆ ಇರುತ್ತದೆ. ಒಣಗಿದಾಗ ಗಟ್ಟಿ. ಜೆಸಿಬಿಯವರು ಪುಕ್ಕಟೆ ಕೊಡುತ್ತೇನೆ ಎನ್ನುತ್ತಾರೆ. ನೀರು ಕಂಡರೆ ಇದು ಬಲ ಕಳೆದುಕೊಂಡು ಕದಡಿಹೋಗುತ್ತದೆ. ಮಳೆಗಾಲದಲ್ಲಿ ಒರತೆ ಏಳುವ ಜಾಗದಲ್ಲಿ ಇದನ್ನು ತುಂಬಿದರೆ ಎಷ್ಟು ದಮ್ಮಸು ಹೊಡೆದಿದ್ದರೂ ಭರವಸೆ ಇಲ್ಲ. ಪುಕ್ಕಟೆ ಸಿಕ್ಕಿದರೂ ಬೇಡ. ಶಿಕಾರಿಪುರ ಕಡೆಯ ಕೆಲವು ಬಯಲಲ್ಲಿ ಸಿಗುವ ಎರೆಮಣ್ಣೂ ಬೇಡ. ಅದು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಸ್ಲ್ಯಾಬನ್ನೇ ಎತ್ತಿಹಾಕುತ್ತದೆ.

ಜಂಬಿಟ್ಟಿಗೆ ಕಲ್ಲು ಕೊಯ್ದ ಕಡೆ ಉಳಿಯುವ ಚೂರು ಚೆನ್ನಾಗಿಯೇ ಇರುತ್ತದೆ, ಆದರೆ ಅದೊಂದನ್ನೇ ಹಾಕಬಾರದು. ಚೂರಿನ ನಡುವೆ ಸಂದಿ ಉಳಿದು, ಮೇಲಿನ ಮಣ್ಣು ನಿಧಾನಕ್ಕೆ ಅದರೊಳಗೆ ಸೋರುತ್ತದೆ. ಕೆಂಪು ಮಣ್ಣಿನ ಜೊತೆ ಬೆರೆಸಿ, ಮೂರಿಂಚಿಗಿಂತ ದೊಡ್ಡ ಗಡ್ಡೆಯನ್ನು ಸುತ್ತಿಗೆಯಲ್ಲಿ ಒಡೆಸಿ ಹಾಕಿ.

ಎಷ್ಟು ನೀರು ಹಾಕಬೇಕು?

ಮಣ್ಣು ಹದಕ್ಕೆ ಬರುವಷ್ಟು. ಪೂರ್ತಿ ಒಣ ಮಣ್ಣಿನ ಕಣಗಳು ಒಂದಕ್ಕೊಂದು ಉಜ್ಜಿ ನಿಲ್ಲುತ್ತವೆ, ಜಾರುವುದಿಲ್ಲ. ಸ್ವಲ್ಪ ನೀರು ಬಿದ್ದರೆ ಜಾರಿ ಹತ್ತಿರ ಬರುತ್ತವೆ. ನೀರು ಜಾಸ್ತಿಯಾದರೆ ಗಾಳಿಯ ಜಾಗದಲ್ಲಿ ನೀರು ಕೂತುಬಿಡುತ್ತದೆ. ನೀರನ್ನು ಹೊಡೆದು ಕುಗ್ಗಿಸಲು ಆಗುವುದಿಲ್ಲವಲ್ಲ. ಈ ಎರಡರ ನಡುವೆ ಒಂದು ಹದ ಇದೆ.

ಹದ ನೋಡಲು ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ. ಉಂಡೆ ನಿಲ್ಲಬೇಕು, ಅಂಗೈಗೆ ನೀರು ಅಂಟಬಾರದು. ಆ ಉಂಡೆಯನ್ನು ಸೊಂಟದ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ಚೂರಾದರೆ ಸರಿ ಇದೆ. ಪುಡಿಪುಡಿಯಾದರೆ ನೀರು ಸಾಲದು. ಪಚ್ಚನೆ ಚಪ್ಪಟೆಯಾದರೆ ಜಾಸ್ತಿಯಾಗಿದೆ, ಹರಡಿ ಆರಲು ಬಿಡಿ. ದಮ್ಮಸು ಹೊಡೆಯುವಾಗ ಒಂದು ಕಡೆ ತಗ್ಗಿ ಪಕ್ಕದಲ್ಲಿ ಉಬ್ಬುತ್ತಿದ್ದರೂ ನೀರು ಜಾಸ್ತಿಯಾದ ಗುರುತೇ. ಆಗ ಹೊಡೆಯುತ್ತಾ ಹೋದರೆ ಇನ್ನೂ ಕೆಡುತ್ತದೆ.

ಒಟ್ಟು ಎಷ್ಟು ನೀರು ಬೇಕಾಗಬಹುದು ಎಂಬುದನ್ನು ಮೊದಲೇ ಯೋಚಿಸಿರಬೇಕು. ಕೆಳಗೆ ಲೆಕ್ಕ ಹಾಕಿರುವ 30×40ರ ಮನೆಗೆ ಸುಮಾರು 150 ಟನ್ ಮಣ್ಣು ಹೋಗುತ್ತದೆ. ಬೇಸಿಗೆಯ ಒಣ ಮಣ್ಣಿಗೆ ನೂರಕ್ಕೆ ಐದು ಪಾಲು ತೇವ ಸೇರಿಸಬೇಕು ಎಂದರೆ ಏಳೂವರೆ ಸಾವಿರ ಲೀಟರ್ ಆಯಿತು. ಮಾರ್ಚ್, ಏಪ್ರಿಲ್‌ನಲ್ಲಿ ಬಾವಿ ತಳ ಕಂಡಿರುತ್ತದೆ. ಆಗ ಏನಾಗುತ್ತದೆ? ಮೇಲೆ ಮೇಲೆ ಎರಡು ಕೊಡ ಚಿಮುಕಿಸಿ ಒಣ ಮಣ್ಣನ್ನೇ ಹೊಡೆದು ಮುಗಿಸುತ್ತಾರೆ. ಆ ಒಣ ಮಣ್ಣು ಮೊದಲ ಮಳೆಗಾಲದಲ್ಲಿ ಕೆಳಗಿನಿಂದ ತೇವ ಏರಿದಾಗ ಒಮ್ಮೆಲೇ ಕುಸಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಮಣ್ಣಿನಲ್ಲೇ ಒಳ್ಳೆ ತೇವ ಇರುತ್ತದೆ, ಬಾವಿಯಲ್ಲೂ ನೀರಿರುತ್ತದೆ. ಆಗುವುದಾದರೆ ಈ ಕೆಲಸವನ್ನು ಆಗಲೇ ಮಾಡಿಸಿ.

ಪೂರ್ತಿ ತುಂಬಿ ನೀರು ಕಟ್ಟಿ ನಿಲ್ಲಿಸುತ್ತೇವೆ ಎನ್ನುತ್ತಾರೆ ಮೇಸ್ತ್ರಿ. ಒಪ್ಪಬಹುದಾ?

ಮರಳೋ ಎಂ-ಸ್ಯಾಂಡೋ ತುಂಬಿದ್ದರೆ ನೀರು ಬಿಡುವುದರಲ್ಲಿ ಅರ್ಥ ಇದೆ. ನೀರು ಇಳಿಯುತ್ತಾ ಕಣಗಳನ್ನು ಕೂರಿಸಿಕೊಂಡು ಹೋಗುತ್ತದೆ, ಕೆಳಗೆ ಬಸಿದೂ ಹೋಗುತ್ತದೆ. ಜೇಡಿ ಅಂಶ ಇರುವ ನಮ್ಮ ಕೆಂಪು ಮಣ್ಣಿಗೆ ಈ ಲೆಕ್ಕ ಹಿಡಿಯುವುದಿಲ್ಲ. ನೀರು ಒಳಗೇ ನಿಂತು ಕೆಸರಾಗುತ್ತದೆ.

ಇಲಾಖೆಯ ನಿಯಮದಲ್ಲೂ ಕೊನೆಗೆ ನೀರು ನಿಲ್ಲಿಸುವ ಮಾತು ಇದೆ, ಮೇಸ್ತ್ರಿಗಳು ಅದನ್ನೇ ತೋರಿಸುತ್ತಾರೆ. ಆದರೆ ಅಲ್ಲಿ ಹೇಳಿರುವುದು ಪದರ ಪದರವಾಗಿ ಹೊಡೆದು ಮೇಲಿನ ಮಟ್ಟ ತಲುಪಿದ ಮೇಲೆ 24 ಗಂಟೆ ನೀರು ನಿಲ್ಲಿಸಿ, ಒಣಗಲು ಬಿಟ್ಟು, ಮತ್ತೆ ದಮ್ಮಸು ಹೊಡೆಯಿರಿ ಎಂದು. ಮೊದಲಿನದನ್ನೂ ಕೊನೆಯದನ್ನೂ ಬಿಟ್ಟು ನಡುವಿನ ನೀರನ್ನು ಮಾತ್ರ ಹಿಡಿದುಕೊಂಡರೆ ಹೇಗೆ?

ಇಳಿಜಾರು ಮನೆಯಲ್ಲಿ ನೀರು ಕಟ್ಟುವುದರಲ್ಲಿ ಅಪಾಯವೂ ಇದೆ. ನಾಲ್ಕೂವರೆ ಅಡಿ ಆಳಕ್ಕೆ ನೀರು ತುಂಬಿದರೆ, ಬರೀ ಆ ನೀರೇ ಹಿಂದಿನ ಗೋಡೆಯ ಪ್ರತಿ ಒಂದಡಿ ಉದ್ದವನ್ನು ಸುಮಾರು 280 ಕೆಜಿ ಬಲದಲ್ಲಿ ಹೊರಗೆ ನೂಕುತ್ತದೆ. ಮಣ್ಣಿನ ಒತ್ತಡ ಬೇರೆ. ಮೊನ್ನೆ ಮೊನ್ನೆ ಕಟ್ಟಿದ ಕಲ್ಲಿನ ಗೋಡೆ ಹೊಟ್ಟೆ ಬಿಡುವುದು ಹೀಗೆ. ಆಳ ಜಾಸ್ತಿ ಇರುವ ಮನೆಗೆ ನಾನಂತೂ ನೀರು ಕಟ್ಟಲು ಬಿಡುವುದಿಲ್ಲ.

ಕೈ ದಮ್ಮಸು ಸಾಕಾ, ಯಂತ್ರ ತರಿಸಬೇಕಾ?

ಒಂದೂವರೆ ಎರಡಡಿ ಮಣ್ಣಿದ್ದರೆ ಒಳ್ಳೆ ಆಳುಗಳ ಕೈ ದಮ್ಮಸಿನಲ್ಲೇ ಮುಗಿಯುತ್ತದೆ. ಮೂರಡಿ ದಾಟಿದರೆ ಬಾಡಿಗೆಗೆ ಯಂತ್ರ ತರಿಸಿ. ಬೆಳಿಗ್ಗೆ ಹೊಡೆದ ಪೆಟ್ಟಿಗೂ ಸಂಜೆ ನಾಲ್ಕಕ್ಕೆ ಹೊಡೆದ ಪೆಟ್ಟಿಗೂ ವ್ಯತ್ಯಾಸ ಇರುತ್ತದೆ, ಮನುಷ್ಯರ ಕೈ ಅಲ್ವಾ.

ಯಂತ್ರದಲ್ಲಿ ಎರಡು ಬಗೆ. ಅಗಲ ಹಲಗೆ ಇದ್ದು ಗಡಗಡ ನಡುಗುವುದು ಪ್ಲೇಟ್ ಕಾಂಪ್ಯಾಕ್ಟರ್. ಮರಳು, ಕ್ರಷರ್ ಪುಡಿ, ಕಲ್ಲು ಜಾಸ್ತಿ ಇರುವ ಗೊಚ್ಚಿಗೆ ಇದು ಸರಿ. ಒಂದು ಪಾದದ ಮೇಲೆ ಕುಪ್ಪಳಿಸುವುದು ಜಂಪಿಂಗ್ ರ್ಯಾಮರ್. ಅಂಟು ಇರುವ ಕೆಂಪು ಮಣ್ಣಿಗೆ ಇದೇ ಬೇಕು, ಯಾಕೆಂದರೆ ಅಂಟು ಮಣ್ಣು ನಡುಕಕ್ಕೆ ಜಗ್ಗುವುದಿಲ್ಲ, ಪೆಟ್ಟಿಗೆ ಜಗ್ಗುತ್ತದೆ. ಅಂಗಡಿಯಲ್ಲಿ ಯಾವುದು ಖಾಲಿ ಇದೆಯೋ ಅದನ್ನು ತರುವುದು ರೂಢಿ. ಮಣ್ಣು ನೋಡಿ ಕೇಳಿ ತನ್ನಿ.

ಪ್ರತಿ ಪದರದ ಮೇಲೆ ನಾಲ್ಕೈದು ಸಲ ಓಡಿಸಬೇಕು. ಒಂದು ಸಲ ಉದ್ದಕ್ಕೆ ಹೋದರೆ ಮುಂದಿನ ಸಲ ಅಡ್ಡಕ್ಕೆ. ಗೋಡೆಯ ಪಕ್ಕದ ಒಂದಡಿಗೆ ಯಂತ್ರ ತಾಗಿಸಬೇಡಿ, ಅಲ್ಲಿ ಕೈ ದಮ್ಮಸೇ ಆಗಬೇಕು. ಎಲ್ಲರೂ ಮರೆಯುವುದು ಈ ಅಂಚನ್ನೇ. ನಡುವೆ ಗಟ್ಟಿ, ಅಂಚಲ್ಲಿ ಪೊಳ್ಳು. ಆಮೇಲೆ ಸ್ಕರ್ಟಿಂಗ್ ಕೆಳಗೆ ಸುತ್ತಲೂ ಬಿರುಕು ಬರುತ್ತದೆ.

ಇಳಿಜಾರಿನಲ್ಲಿ ಎಲ್ಲಿಂದ ಶುರು ಮಾಡಬೇಕು? ಒಂದು ಮನೆಯ ಲೆಕ್ಕ ಹಾಕಿ ತೋರಿಸುತ್ತೀರಾ?

ತೀರ್ಥಹಳ್ಳಿ ತಾಲೂಕಿನ ಯಾವುದೋ ಹಳ್ಳಿಯಲ್ಲಿ 30×40ರ ಮನೆ ಎಂದಿಟ್ಟುಕೊಳ್ಳಿ. ಗೋಡೆ, ಬೀಮು ಕಳೆದು ಒಳಗಿನ ಜಾಗ ಸುಮಾರು 1050 ಚದರಡಿ. ಮೇಲಿನ ಗೊಬ್ಬರದ ಮಣ್ಣನ್ನು ಕೆರೆದು ತೆಗೆದ ಮೇಲೆ ಅಳೆದಾಗ ಮುಂದೆ ಒಂದೂವರೆ ಅಡಿ, ಹಿಂದೆ ನಾಲ್ಕೂವರೆ ಅಡಿ ತುಂಬಬೇಕು. ಮಣ್ಣಿನ ಮೇಲೆ ಹಾಸುವ ಸೋಲಿಂಗ್ ಕಲ್ಲು ಮತ್ತು ಕಾಂಕ್ರೀಟಿನ ದಪ್ಪ ಇದರಲ್ಲಿ ಸೇರಿಲ್ಲ, ಇದು ಬರೀ ಮಣ್ಣಿನ ಆಳ. ಸರಾಸರಿ ಮೂರಡಿ.

ಮಾಮೂಲಿ ತಪ್ಪು ಏನೆಂದರೆ ಟಿಪ್ಪರ್ ಮುಂದಿನಿಂದ ಬಂದು ಸುರಿಯುತ್ತದೆ, ಜೆಸಿಬಿ ಅದನ್ನು ಹಿಂದಕ್ಕೆ ದೂಡುತ್ತದೆ. ಮಣ್ಣು ಇಳಿಜಾರಿನ ಮೇಲೆ ಓರೆಯಾಗಿಯೇ ಕೂರುತ್ತದೆ. ಮುಂದೆ ಆರಿಂಚು ಬಿದ್ದ ಹೊತ್ತಿಗೆ ಹಿಂದೆ ಎರಡಡಿ ಬಿದ್ದಿರುತ್ತದೆ. ಆಮೇಲೆ ಪದರದ ಮಾತೇ ಇಲ್ಲ.

ಪದರ ಯಾವಾಗಲೂ ನೀರಿನ ಮಟ್ಟದಂತೆ ಸಮ ಇರಬೇಕು. ಹಾಗಾಗಿ ಎಲ್ಲಕ್ಕಿಂತ ತಗ್ಗಿನ ಹಿಂದಿನ ಗೋಡೆಯ ಹತ್ತಿರವೇ ಶುರು. ಇಲ್ಲಿ 40 ಅಡಿಗೆ 3 ಅಡಿ ಇಳಿಜಾರು. ಮೊದಲ ಪದರ ಹಿಂದಿನ ಗೋಡೆಯ ಪಕ್ಕ ಐದಾರು ಅಡಿ ಅಗಲದ ಒಂದು ಪಟ್ಟಿ ಮಾತ್ರ. ಅದನ್ನು ಹೊಡೆದ ಮೇಲೆ ಎರಡನೇ ಪದರ ಇನ್ನೂ ಐದೂವರೆ ಅಡಿ ಮುಂದಕ್ಕೆ ಬರುತ್ತದೆ. ಹೀಗೆ ಏಳೆಂಟು ಪದರ ಆಗುವಷ್ಟರಲ್ಲಿ ಇಡೀ ಮನೆ ಒಂದು ಮಟ್ಟಕ್ಕೆ ಬಂದಿರುತ್ತದೆ. ಅಲ್ಲಿಂದ ಮೇಲೆ ಉಳಿದ ಒಂದೂವರೆ ಅಡಿ, ಮನೆ ತುಂಬ ನಾಲ್ಕು ಪದರ. ಹಿಂದಿನ ಗೋಡೆಯ ಹತ್ತಿರ ಎಣಿಸಿದರೆ ಒಟ್ಟು ಹನ್ನೊಂದು ಹನ್ನೆರಡು ಪದರ.

ಈ ಇಳಿಜಾರು ಮಲೆನಾಡಿನ ಲೆಕ್ಕದಲ್ಲಿ ಸೌಮ್ಯವಾದದ್ದು. ಕೆರೆದ ನೆಲವನ್ನು ಪಿಕಾಸಿಯಲ್ಲಿ ಗೀರಿ ಒರಟು ಮಾಡಿದರೆ ಹೊಸ ಮಣ್ಣು ಹಿಡಿದುಕೊಳ್ಳುತ್ತದೆ. ನಾಲ್ಕಡಿಗೆ ಒಂದಡಿಗಿಂತ ಕಡಿದಾಗಿದ್ದರೆ ಮೊದಲು ನೆಲವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ಇಲ್ಲದಿದ್ದರೆ ತುಂಬಿದ ಮಣ್ಣು ಹಳೆ ನೆಲದ ಮೇಲೆ ಜಾರಿ ಹಿಂದಿನ ಗೋಡೆಗೆ ಒರಗುತ್ತದೆ.

ಕೋಣೆ ಕೋಣೆಯ ನಡುವೆ ಅಡ್ಡ ಗೋಡೆ ಇದ್ದರೆ ಅಕ್ಕಪಕ್ಕದ ಕೋಣೆಗಳನ್ನು ಜೊತೆಜೊತೆಯಲ್ಲೇ ಏರಿಸಿ. ಒಂದು ಕಡೆ ಮೂರಡಿ ತುಂಬಿ ಇನ್ನೊಂದು ಕಡೆ ಖಾಲಿ ಇದ್ದರೆ ನಡುವಿನ ಗೋಡೆ ವಾಲುತ್ತದೆ.

ಎಷ್ಟು ಲೋಡ್ ಮಣ್ಣು ಬೇಕು?

ಅದೇ ಮನೆಗೆ 1050 ಚದರಡಿಯನ್ನು 3 ಅಡಿಯಿಂದ ಗುಣಿಸಿದರೆ 3150 ಘನ ಅಡಿ. ಇದು ಒತ್ತಿದ ಮೇಲಿನ ಅಳತೆ. ಸಡಿಲ ಮಣ್ಣು ಕಾಲು ಭಾಗ ಜಾಸ್ತಿ ಬೇಕು, ಅಂದರೆ ಸುಮಾರು 3950. ಟಿಪ್ಪರ್ ತೊಟ್ಟಿಯನ್ನು ಟೇಪ್ ಹಿಡಿದು ಅಳೆಯಿರಿ. 200 ಘನ ಅಡಿ ಹಿಡಿಯುವುದಾದರೆ 20 ಲೋಡ್ ಆಯಿತು.

ಈ ಲೆಕ್ಕ ದುಡ್ಡಿಗೆ ಮಾತ್ರ ಅಲ್ಲ, ಕೆಲಸ ಪರೀಕ್ಷಿಸಲೂ ಬರುತ್ತದೆ. 16 ಲೋಡಿಗೇ ಪ್ಲಿಂತ್ ತುಂಬಿತು ಎಂದರೆ ಖುಷಿ ಪಡಬೇಡಿ. 16 ಲೋಡ್ ಅಂದರೆ 3200 ಘನ ಅಡಿ, ಖಾಲಿ ಜಾಗದ ಅಳತೆಯಷ್ಟೇ. ಮಣ್ಣು ಒಂದಿಷ್ಟೂ ಒತ್ತಿಕೊಂಡಿಲ್ಲ. ಲೋಡಿನ ಚೀಟಿಗಳನ್ನು ಎತ್ತಿಟ್ಟುಕೊಳ್ಳಿ.

ಸರಿಯಾಗಿ ಒತ್ತಿದೆಯೋ ಇಲ್ಲವೋ ನಮಗೆ ಹೇಗೆ ಗೊತ್ತಾಗುತ್ತದೆ?

ಸೈಟಿನಲ್ಲಿ ಸಿಗುವ 12 ಎಂಎಂ ಕಬ್ಬಿಣದ ಸರಳೊಂದನ್ನು ತೆಗೆದುಕೊಂಡು, ಪದರ ಮುಗಿದ ಮೇಲೆ ಎರಡೂ ಕೈಯಲ್ಲಿ ಒತ್ತಿ ಚುಚ್ಚಿ. ಗಟ್ಟಿಯಾದ ಗೊಚ್ಚಿನಲ್ಲಿ ಒಂದೆರಡು ಇಂಚಿಗೆ ನಿಲ್ಲುತ್ತದೆ. ಸಲೀಸಾಗಿ ಇಳಿಯುತ್ತಾ ಹೋದರೆ ಆ ಪದರ ಮತ್ತೆ ಹೊಡೆಯಬೇಕು. ಕೋಣೆಯ ನಡುವೆ ಒಂದು, ಮೂಲೆಯಲ್ಲಿ ಒಂದು, ಗೋಡೆಯ ಅಂಚಲ್ಲಿ ಎರಡು ಕಡೆ ಚುಚ್ಚಿ ನೋಡಿ. ಕಲ್ಲಿಗೆ ತಾಗಿ ನಿಂತಿತೋ ಮಣ್ಣೇ ಬಿಗಿಯಾಗಿ ನಿಂತಿತೋ ಎಂಬುದು ಕೈಗೆ ಗೊತ್ತಾಗುತ್ತದೆ. ಸಂಶಯ ಇದ್ದರೆ ಅರ್ಧಡಿ ಪಕ್ಕದಲ್ಲಿ ಇನ್ನೊಮ್ಮೆ ಚುಚ್ಚಿ. ಪೂರ್ತಿ ಒಣಗಿದ ಮಣ್ಣಿನಲ್ಲಿ ಈ ಪರೀಕ್ಷೆ ನಂಬಬೇಡಿ. ಒಣ ಮಣ್ಣು ಸಡಿಲ ಇದ್ದರೂ ಮೇಲ್ಗಡೆ ಬಿರುಸಾಗಿರುತ್ತದೆ.

ಕಿವಿಯೂ ಹೇಳುತ್ತದೆ. ಮೊದಲ ಸುತ್ತಿನಲ್ಲಿ ದಮ್ಮಸು ಡಬ್ ಡಬ್ ಎಂದು ಹೂತುಹೋಗುವ ಸದ್ದು ಮಾಡುತ್ತದೆ. ಕೊನೆಯ ಸುತ್ತಿಗೆ ಸದ್ದು ಬಿರುಸಾಗಿ, ದಮ್ಮಸು ಸ್ವಲ್ಪ ಪುಟಿಯುತ್ತದೆ.

ಆಳ ಜಾಸ್ತಿ ಇದ್ದು ಖರ್ಚು ಮಾಡಲು ಮನಸ್ಸಿದ್ದರೆ ಲ್ಯಾಬ್ ಪರೀಕ್ಷೆ ಮಾಡಿಸಿ. ಮೊದಲು ನಿಮ್ಮ ಮಣ್ಣನ್ನು ಲ್ಯಾಬ್‌ನಲ್ಲಿ ಪ್ರಾಕ್ಟರ್ ಪರೀಕ್ಷೆಗೆ ಕೊಡಬೇಕು. ಯಾವ ತೇವದಲ್ಲಿ ಎಷ್ಟು ಬಿಗಿಯಾಗುತ್ತದೆ ಎಂದು ಅವರು ಹೇಳುತ್ತಾರೆ. ಆಮೇಲೆ ಸೈಟಿನಲ್ಲಿ ಒತ್ತಿದ ಪದರದಿಂದ ಮಾದರಿ ತೆಗೆದು ಹೋಲಿಸುತ್ತಾರೆ. ಲ್ಯಾಬ್‌ನಲ್ಲಿ ಒಣ ಸಾಂದ್ರತೆ 1.85 ಬಂದು ಸೈಟಿನಲ್ಲಿ 1.70 ಬಂದರೆ ಅದು ನೂರಕ್ಕೆ 92. ಸಾಮಾನ್ಯವಾಗಿ ಕೇಳುವುದು 95, ಹಾಗಾಗಿ ಆ ಪದರ ಸಾಲದು. ನುಣುಪು ಮಣ್ಣಿಗೆ ಕೋರ್ ಕಟ್ಟರ್ ಎಂಬ ಕೊಳವೆ ಹೊಡೆದು ಮಾದರಿ ತೆಗೆಯುತ್ತಾರೆ. ಕಲ್ಲಿರುವ ಗೊಚ್ಚಿಗೆ ಕೊಳವೆ ಇಳಿಯುವುದಿಲ್ಲ, ಗುಂಡಿ ತೋಡಿ ಅದರಲ್ಲಿ ಮರಳು ತುಂಬಿ ಅಳೆಯುವ ವಿಧಾನವೇ ಆಗಬೇಕು. ಮೂರಡಿಗಿಂತ ಕಡಿಮೆ ಮಣ್ಣು ತುಂಬುವ ಸಣ್ಣ ಮನೆಗೆ ಇದೆಲ್ಲ ಬೇಕಿಲ್ಲ, ಸರಳು ಸಾಕು.

ನಡುವೆ ಮಳೆ ಬಂದುಬಿಟ್ಟರೆ?

ಮೋಡ ಕಂಡ ತಕ್ಷಣ, ಹರಡಿದ ಮಣ್ಣನ್ನು ಹಾಗೇ ಬಿಡದೆ ಒಂದು ಸುತ್ತಾದರೂ ಹೊಡೆದು ಮುಚ್ಚಿಬಿಡಿ. ಸಡಿಲ ಮಣ್ಣು ನೀರು ಕುಡಿಯುತ್ತದೆ, ಒತ್ತಿದ ಮಣ್ಣಿನ ಮೇಲೆ ಬಹುಪಾಲು ಹರಿದುಹೋಗುತ್ತದೆ. ಒಂದು ಮೂಲೆಗೆ ಸ್ವಲ್ಪ ಇಳಿಜಾರು ಕೊಟ್ಟು, ನೀರು ಅಲ್ಲಿ ಸೇರಿದ ಮೇಲೆ ಪಂಪ್ ಹಚ್ಚಿ ತೆಗೆಯಿರಿ. ತಾಡಪಾಲು ಇದ್ದರೆ ಇನ್ನೂ ಒಳ್ಳೆಯದು. ಮಳೆ ನಿಂತ ಮೇಲೆ ಮೇಲಿನ ಕೆಸರನ್ನು ಸಲಿಕೆಯಲ್ಲಿ ಕೆರೆದು ಹೊರಗೆ ಹಾಕಿ. ಕೆಸರಿನ ಮೇಲೆ ಒಣ ಮಣ್ಣು ಸುರಿದು ಸರಿ ಮಾಡುವ ಕೆಲಸ ಬೇಡ. ಒಳಗೆ ಬೆಣ್ಣೆಯಂಥ ಒಂದು ಪದರ ಉಳಿದು, ಮೇಲೆ ಎಷ್ಟು ಹೊಡೆದರೂ ಜಗ್ಗುತ್ತಲೇ ಇರುತ್ತದೆ.

ಆಗುಂಬೆ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ. ಅಲ್ಲಿ ಜೂನ್‌ಗೆ ಅರ್ಧ ತುಂಬಿದ ಪ್ಲಿಂತ್ ಇದ್ದರೆ ಕೆಲಸ ನಿಲ್ಲಿಸಿ, ಗೋಡೆಯಲ್ಲಿ ನೀರು ಹೋಗಲು ತೂತು ಬಿಡಿಸಿ, ಅಕ್ಟೋಬರ್‌ವರೆಗೆ ಕಾಯುವುದೇ ಲೇಸು.

ಬಚ್ಚಲು, ಕಕ್ಕಸಿನ ಪೈಪುಗಳನ್ನು ಯಾವಾಗ ಹಾಕಬೇಕು?

ಆ ಮಟ್ಟ ಬಂದಾಗ. ಪೂರ್ತಿ ತುಂಬಿ, ಹೊಡೆದು, ಆಮೇಲೆ ಪ್ಲಂಬರ್ ಬಂದು ಎರಡಡಿ ಅಗೆದು ಪೈಪು ಹಾಕಿ ಕಾಲಲ್ಲಿ ಮಣ್ಣು ಎಳೆದು ಹೋದರೆ, ಮಾಡಿದ ಕೆಲಸವೆಲ್ಲ ಆ ಸಾಲಿನಲ್ಲಿ ಹಾಳು. ಟೈಲ್ಸಿನ ಬಿರುಕು ಬಚ್ಚಲಿನಿಂದ ಹೊರಗೋಡೆಗೆ ನೇರ ಗೆರೆಯಂತೆ ಹೋಗಿದ್ದರೆ ಕೆಳಗೆ ಪೈಪಿನ ಚರಂಡಿ ಇದೆ ಎಂದೇ ತಿಳಿಯಿರಿ.

ಪೈಪಿನ ಸುತ್ತ ಎಂ-ಸ್ಯಾಂಡ್ ತುಂಬಿ, ಎರಡೂ ಪಕ್ಕ ಸಣ್ಣ ಮರದ ತುಂಡಿನಲ್ಲಿ ಕುಟ್ಟಿ ಕೂರಿಸಿ. ಪೈಪಿನ ಮೇಲೆ ಒಂದಡಿ ಮಣ್ಣು ಬರುವವರೆಗೆ ಯಂತ್ರ ತರಬೇಡಿ. ಮುಚ್ಚುವ ಮೊದಲು ಬಾಯಿ ಕಟ್ಟಿ ನೀರು ತುಂಬಿ ಸೋರಿಕೆ ನೋಡಿ. ತುಂಬಿದ ಮಣ್ಣಿನೊಳಗೆ ಸೋರುವ ಪೈಪು ದಿನಾ ಮಣ್ಣನ್ನು ಕರಗಿಸುತ್ತಿರುತ್ತದೆ.

ಗೆದ್ದಲು ಔಷಧಿ ಯಾವಾಗ?

ಕೊನೆಯ ಪದರ ಹೊಡೆದ ಮೇಲೆ, ಸೋಲಿಂಗ್ ಕಲ್ಲು ಹಾಕುವ ಮೊದಲು. ಪ್ರತಿ ಚದರ ಮೀಟರ್‌ಗೆ 5 ಲೀಟರ್ ದ್ರಾವಣ. ಚೆನ್ನಾಗಿ ಒತ್ತಿದ ಮಣ್ಣು ಅಷ್ಟು ಬೇಗ ಹೀರುವುದಿಲ್ಲ, ಹಾಗಾಗಿ ಅರ್ಧಡಿಗೊಂದರಂತೆ ಎರಡು ಮೂರು ಇಂಚು ಆಳದ ತೂತು ಮಾಡಿ ಸುರಿಯುತ್ತಾರೆ. ಔಷಧಿ ಹಾಕಿದ ಮೇಲೆ ಮತ್ತೆ ಆ ಮಣ್ಣನ್ನು ಕೆದಕಬಾರದು.

ಸ್ಲ್ಯಾಬಿಗೆ ಕಬ್ಬಿಣ ಹಾಕಿಬಿಟ್ಟರೆ ಇಷ್ಟೆಲ್ಲ ತಲೆನೋವು ಯಾಕೆ?

ಸುಮ್ನೆ 8 ಎಂಎಂ ಸರಳಿನ ಜಾಲರಿ ಹಾಕಿದರೆ ಕಾಂಕ್ರೀಟ್ ಒಣಗುವಾಗ ಬರುವ ಸಣ್ಣ ಬಿರುಕು ಕಮ್ಮಿಯಾಗುತ್ತದೆ, ಅಷ್ಟೆ. ಕೆಳಗೆ ಪೊಳ್ಳಾದಾಗ ಕೋಣೆಯ ಅಗಲಕ್ಕೆ ಭಾರ ಹೊತ್ತು ನಿಲ್ಲಲು ಅದು ಸಾಲದು. ಹೊರಬೇಕು ಎಂದರೆ ಅದನ್ನು ಮೇಲಿನ ಚಾವಣಿಯ ಹಾಗೆಯೇ ಲೆಕ್ಕ ಹಾಕಿ, ಪ್ಲಿಂತ್ ಬೀಮಿಗೆ ಕಬ್ಬಿಣ ಕಟ್ಟಿ ಹಾಕಬೇಕು.

ಹಾಗೆ ಮಾಡುವುದೇ ಸರಿಯಾದ ಜಾಗಗಳೂ ಇವೆ. ಹಿಂದೆ ಆರೇಳು ಅಡಿ ತುಂಬಬೇಕಾಗಿದ್ದರೆ, ಅಥವಾ ಮಳೆಗಾಲದಲ್ಲಿ ಒಳಗೆ ಒರತೆ ಏಳುತ್ತಿದ್ದರೆ, ಮಣ್ಣಿನ ಖರ್ಚು, ಗೋಡೆಯ ಖರ್ಚು ಎಲ್ಲ ಸೇರಿಸಿ ಇಂಜಿನಿಯರ್ ಹತ್ತಿರ ಒಂದು ಲೆಕ್ಕ ಹಾಕಿಸಿ. ಆ ಹಿಂದಿನ ಎರಡು ಕೋಣೆಗೆ ಮಾತ್ರ ಬೀಮಿನ ಮೇಲೆ ನಿಲ್ಲುವ ಸ್ಲ್ಯಾಬ್ ಹಾಕಿ, ಕೆಳಗೆ ಸೌದೆ ಇಡಲು ಜಾಗ ಮಾಡಿಕೊಂಡವರಿದ್ದಾರೆ. ಇನ್ನೊಂದು ಮಾತು, ಒಳಗಿನ ಇಟ್ಟಿಗೆ ಗೋಡೆಗಳನ್ನು ಯಾವ ಕಾರಣಕ್ಕೂ ತುಂಬಿದ ಮಣ್ಣಿನ ಮೇಲಿನ ಸ್ಲ್ಯಾಬಿನಿಂದ ಏರಿಸಬೇಡಿ. ಅವು ಬೀಮಿನ ಮೇಲೆಯೇ ಬರಬೇಕು.

ನಮ್ಮ ಮನೆ ನೆಲ ಆಗಲೇ ಇಳಿದಿದೆ ಅನಿಸುತ್ತದೆ. ಟೈಲ್ಸ್ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆ. ಏನು ಮಾಡುವುದು?

ಪೊಳ್ಳು ಸದ್ದು ಬಂದ ಮಾತ್ರಕ್ಕೆ ಮಣ್ಣು ಇಳಿದಿದೆ ಎಂದಲ್ಲ. ಟೈಲ್ಸ್ ಕೆಳಗಿನ ಗಾರೆ ಬಿಟ್ಟುಕೊಂಡಿದ್ದರೂ ಹಾಗೇ ಕೇಳುತ್ತದೆ. ಸ್ಕರ್ಟಿಂಗ್ ನೋಡಿ. ಅದು ಗೋಡೆಗೆ ಅಂಟಿರುತ್ತದೆ, ಗೋಡೆ ಬೀಮಿನ ಮೇಲಿರುತ್ತದೆ, ಇಳಿಯುವುದಿಲ್ಲ. ಸ್ಕರ್ಟಿಂಗಿಗೂ ನೆಲಕ್ಕೂ ನಡುವೆ ಸಂದಿ ಬಿಟ್ಟಿದ್ದು, ಅದು ಮುಂದಿನಿಂದ ಹಿಂದಕ್ಕೆ ಹೋದಂತೆ ಅಗಲವಾಗುತ್ತಿದ್ದರೆ ಮಣ್ಣೇ ಇಳಿದಿರುವುದು. ಸಂದಿಯ ಪಕ್ಕ ಪೆನ್ಸಿಲ್‌ನಲ್ಲಿ ಗುರುತು ಹಾಕಿ ತಾರೀಕು ಬರೆದಿಡಿ. ಒಂದು ಮಳೆಗಾಲ ಕಳೆದ ಮೇಲೆ ಮತ್ತೆ ಅಳೆಯಿರಿ.

ಸಂದಿ ಇನ್ನೂ ಬೆಳೆಯುತ್ತಿದ್ದರೆ ಮೇಲೆ ಟೈಲ್ಸ್ ಬದಲಿಸುವುದು ದಂಡ. ಮೊದಲು ಪೈಪು ಸೋರುತ್ತಿದೆಯೇ, ಗುಡ್ಡದ ಕಡೆಯಿಂದ ಮಳೆ ನೀರು ಪ್ಲಿಂತ್ ಒಳಗೆ ಇಳಿಯುತ್ತಿದೆಯೇ ನೋಡಿ ಅದನ್ನು ನಿಲ್ಲಿಸಬೇಕು. ಇಳಿಯುವುದು ನಿಂತಿದ್ದು ಪೊಳ್ಳು ಕಮ್ಮಿ ಇದ್ದರೆ ಸ್ಲ್ಯಾಬಿನಲ್ಲಿ ತೂತು ಕೊರೆದು ಸಿಮೆಂಟ್ ಹಾಲು ತುಂಬಿಸಬಹುದು. ಸ್ಲ್ಯಾಬೇ ತುಂಡಾಗಿದ್ದರೆ ಆ ಕೋಣೆಯದ್ದನ್ನು ಒಡೆದು ತೆಗೆದು, ಸರಳು ಚುಚ್ಚಿ ಎಷ್ಟು ಆಳಕ್ಕೆ ಸಡಿಲ ಇದೆ ಎಂದು ನೋಡಿ, ಅಷ್ಟು ಮಣ್ಣನ್ನು ಹೊರಗೆ ತೆಗೆದು ಮತ್ತೆ ಆರಾರು ಇಂಚು ತುಂಬಬೇಕು. ಮನೆಯೊಳಗೆ ಟಿಪ್ಪರ್ ಬರುವುದಿಲ್ಲ, ಎಲ್ಲ ಬಾಂಡ್ಲಿಯಲ್ಲೇ ಹೊರಬೇಕು. ಒಂದೊಂದೇ ಕೋಣೆ ಮಾಡಿಸಿ, ಹಿಂದಿನ ಕೋಣೆಯಿಂದ ಶುರು ಮಾಡಿ.